ಒಂದೇ ಹೆಸರಿನ ವೈ-ಫೈ ಮತ್ತು 2.4ರಲ್ಲೇ ಉಳಿಯುವ ಗೇಮ್ ಕನ್ಸೋಲ್: ಪ್ರಗತಿಯ ದಾಖಲೆ

ಲಕ್ಷಣ

ಕನ್ಸೋಲ್‌ನ ಪರದೆಯಲ್ಲಿ ವೈ-ಫೈ ಸಿಗ್ನಲ್ ಪೂರ್ಣವಾಗಿಯೇ ಕಾಣುತ್ತಿದ್ದರೂ ಡೌನ್‌ಲೋಡ್ ಕೆಲವು ದಿನ ವೇಗವಾಗಿಯೂ ಕೆಲವು ದಿನ ತೀರಾ ನಿಧಾನವಾಗಿಯೂ ಸಾಗುತ್ತಿತ್ತು. ನಿಧಾನವಾದ ದಿನಗಳಲ್ಲಿ ರೂಟರ್‌ನ ಸಂಪರ್ಕಪಟ್ಟಿಯನ್ನು ತೆರೆದಾಗಲೆಲ್ಲ ಕನ್ಸೋಲ್ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿದ್ದು, ಅದರ ಲಿಂಕ್ ವೇಗ 144 ಮೆಗಾಬಿಟ್ ಎಂದಿರುತ್ತಿತ್ತು. ಅದೇ ಜಾಗದಲ್ಲಿ, 5 ಗಿಗಾಹರ್ಟ್ಸ್‌ನಲ್ಲಿ ಅದಕ್ಕೆ 866 ಮೆಗಾಬಿಟ್ ಸಿಗುತ್ತದೆ. ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿದೆ. ಉಪಕರಣಗಳನ್ನು 5ರ ಕಡೆಗೆ ತಿರುಗಿಸುವ ಬ್ಯಾಂಡ್ ಸ್ಟಿಯರಿಂಗ್ ಕೂಡ ಚಾಲನೆಯಲ್ಲಿದೆ. ಆದರೂ ಹೀಗೇಕೆ ಎಂಬುದನ್ನು ಕಂಡುಕೊಳ್ಳುವುದೇ ಈ ಕೆಲಸದ ಗುರಿ.

ಕನ್ಸೋಲ್‌ಗೆ ಏನು ಕಾಣುತ್ತದೆ

ಕನ್ಸೋಲ್‌ನ ಪಕ್ಕದಲ್ಲಿಯೇ ಲ್ಯಾಪ್‌ಟಾಪ್ ಇರಿಸಿ ಈ ಆದೇಶವನ್ನು ಓಡಿಸಿದೆ:

```
sudo iw dev wlan0 scan | grep -E "^BSS|freq|signal|SSID"
```

ಒಂದೇ ಹೆಸರಿನಡಿ ಎರಡು ಬೇರೆ ವಿಳಾಸಗಳು ಕಂಡವು: 2.4ರದ್ದು −47 ಡಿಬಿಎಂ, 5ರದ್ದು −58 ಡಿಬಿಎಂ. ಬಯಲಿನಲ್ಲಿಯೇ ಈ ಎರಡು ಆವರ್ತನಗಳ ನಡುವೆ ಸುಮಾರು 7 ಡೆಸಿಬೆಲ್ ಅಂತರವಿರುತ್ತದೆ; ಗೋಡೆ ಅಡ್ಡ ಬಂದರೆ ಅದು ಇನ್ನಷ್ಟು ಹೆಚ್ಚುತ್ತದೆ. ಅಂದರೆ ಸಿಗ್ನಲ್‌ನ ಬಲವನ್ನಷ್ಟೇ ನೋಡಿ ಆಯ್ಕೆಮಾಡುವ ಉಪಕರಣಕ್ಕೆ ನಿಧಾನದ ಬ್ಯಾಂಡೇ ಉತ್ತಮವಾಗಿ ತೋರುತ್ತದೆ. ಯಾವ ಬ್ಯಾಂಡ್ ಸೇರಬೇಕೆಂಬ ಕೊನೆಯ ನಿರ್ಧಾರ ಉಪಕರಣದ್ದೇ ಹೊರತು ರೂಟರ್‌ನದ್ದಲ್ಲ. ಸ್ಟಿಯರಿಂಗ್ ಎಂಬುದು ಬರಿಯ ಒತ್ತಾಯ. ರೂಟರ್ 2.4ರಲ್ಲಿ ಬರುವ ಹುಡುಕಾಟಕ್ಕೆ ತಡವಾಗಿ ಉತ್ತರಿಸಬಹುದು, ಸೇರ್ಪಡೆಯನ್ನು ಒಂದೆರಡು ಬಾರಿ ನಿರಾಕರಿಸಬಹುದು, ಇಲ್ಲವೇ ಸೇರಿದ ಮೇಲೆ 802.11v ಮೂಲಕ ಬ್ಯಾಂಡ್ ಬದಲಿಸುವಂತೆ ಸಲಹೆ ಕಳುಹಿಸಬಹುದು. ನನ್ನ ಕನ್ಸೋಲ್ ಆ ಸಲಹೆಗೆ ಉತ್ತರವನ್ನೇ ಕೊಡುವುದಿಲ್ಲ. ಬಲವಂತವಾಗಿ ಸಂಪರ್ಕ ಕಡಿದು ನೋಡಿದಾಗ ನಡೆಯುತ್ತಿದ್ದ ಆಟ ನಿಂತುಹೋಯಿತು, ಕನ್ಸೋಲ್ ಮತ್ತೆ 2.4ಕ್ಕೇ ಬಂದು ಸೇರಿತು. ಆದ್ದರಿಂದ ಆ ದಾರಿಯನ್ನು ಕೈಬಿಟ್ಟೆ.

ಕೆಲವು ದಿನ ಮಾತ್ರ ಏಕೆ

ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು. ನಿಧಾನದ ದಿನಗಳನ್ನು ರೂಟರ್‌ನ ದಾಖಲೆಯೊಂದಿಗೆ ಹೋಲಿಸಿದಾಗ, ಅವೆಲ್ಲವೂ ರೂಟರ್ ಮರುಪ್ರಾರಂಭಗೊಂಡ ನಂತರದ ದಿನಗಳೇ ಆಗಿದ್ದವು. ದಾಖಲೆಯ ಕ್ರಮ ಹೀಗಿತ್ತು. ಇಲ್ಲಿ ಸಾಲುಗಳನ್ನು ಮೊಟಕುಗೊಳಿಸಿದ್ದೇನೆ:

```
phy1-ap0: DFS-CAC-START freq=5500 chan=100 ... cac_time=60s
phy0-ap0: AP-STA-CONNECTED ...
phy1-ap0: DFS-CAC-COMPLETED success=1 freq=5500 ...
```

5ರ ರೇಡಿಯೊ 100ನೇ ಚಾನೆಲ್‌ನಲ್ಲಿತ್ತು. ರಾಡಾರ್‌ಗಳೂ ಬಳಸುವ ಇಂಥ ಚಾನೆಲ್‌ಗಳಲ್ಲಿ ಪ್ರಸಾರ ಆರಂಭಿಸುವ ಮೊದಲು ರೂಟರ್ 60 ಸೆಕೆಂಡು ಸುಮ್ಮನೆ ಆಲಿಸಿ, ರಾಡಾರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆ ಒಂದು ನಿಮಿಷದಲ್ಲಿ ನಮ್ಮ ವೈ-ಫೈ ಹೆಸರು 2.4ರಲ್ಲಿ ಮಾತ್ರ ಇರುತ್ತದೆ. ವಿಶ್ರಾಂತಿ ಸ್ಥಿತಿಯಲ್ಲಿರುವ ಕನ್ಸೋಲ್ ಅಷ್ಟರಲ್ಲಿಯೇ ಅಲ್ಲಿಗೆ ಸೇರಿಬಿಡುತ್ತದೆ. ನಂತರ 5 ಲಭ್ಯವಾದರೂ −47ರಷ್ಟು ಬಲವಾದ ಸಿಗ್ನಲ್ ಬಿಟ್ಟು ಹೋಗಲು ಅದಕ್ಕೆ ಕಾರಣವೇ ಕಾಣುವುದಿಲ್ಲ. ಬಳಕೆಯ ನಡುವೆ ರಾಡಾರ್ ಪತ್ತೆಯಾಗಿ ರೂಟರ್ ಚಾನೆಲ್ ತೊರೆಯಬೇಕಾಗಿ ಬಂದರೂ ಇದೇ ಪರಿಣಾಮವಾಗಬಹುದು.

ಮಾಡಿದ ಬದಲಾವಣೆಗಳು

ಮೊದಲು 5ರ ರೇಡಿಯೊವನ್ನು 36ನೇ ಚಾನೆಲ್‌ಗೆ ತಂದೆ. ಅಲ್ಲಿ ಈ ಕಾಯುವಿಕೆ ಇಲ್ಲ. 80 ಮೆಗಾಹರ್ಟ್ಸ್ ಅಗಲವಿಟ್ಟರೂ 36ರಿಂದ 48ರೊಳಗೇ ಮುಗಿಯುತ್ತದೆ. ಇದರಿಂದ ತೊಂದರೆ ಬಹಳಷ್ಟು ಕಡಿಮೆಯಾಯಿತು, ಆದರೆ ಪೂರ್ಣವಾಗಿ ನಿಲ್ಲಲಿಲ್ಲ, ಏಕೆಂದರೆ ಬಲದ ಅಂತರ ಹಾಗೆಯೇ ಉಳಿದಿತ್ತು. 2.4ರ ಪ್ರಸಾರಶಕ್ತಿಯನ್ನು ತಗ್ಗಿಸಿ ಆ ಅಂತರವನ್ನು ಅಳಿಸಬಹುದಿತ್ತು. ಆದರೆ ದೂರದ ಕೋಣೆಯ ಉಪಕರಣಗಳು 2.4ನ್ನೇ ನಂಬಿಕೊಂಡಿರುವುದರಿಂದ ಒಂದು ಕನ್ಸೋಲ್‌ಗಾಗಿ ಅವುಗಳಿಗೆ ತೊಂದರೆ ಕೊಡುವುದು ನನಗೆ ಸರಿ ಎನಿಸಲಿಲ್ಲ.

ಕೊನೆಗೆ ಹಳೆಯ ಹೆಸರನ್ನೂ ಸ್ಟಿಯರಿಂಗನ್ನೂ ಫೋನ್‌ಗಳಿಗಾಗಿ ಹಾಗೆಯೇ ಉಳಿಸಿ, 5ರ ರೇಡಿಯೊದಲ್ಲಿ ಮಾತ್ರ ಪ್ರಸಾರವಾಗುವ ಎರಡನೆಯ ಹೆಸರೊಂದನ್ನು ಸೇರಿಸಿದೆ. ಕನ್ಸೋಲ್‌ನಲ್ಲಿ ಆ ಹೆಸರನ್ನು ಜೋಡಿಸಿದ್ದಷ್ಟೇ ಅಲ್ಲದೆ, ಉಳಿಸಿಟ್ಟ ಜಾಲಗಳ ಪಟ್ಟಿಯಿಂದ ಹಳೆಯ ಹೆಸರನ್ನು ಅಳಿಸಿಹಾಕಿದೆ. ಈ ಎರಡನೆಯ ಹೆಜ್ಜೆಯನ್ನು ಬಿಟ್ಟರೆ, 5 ಸ್ವಲ್ಪ ತಡವಾದರೂ ಕನ್ಸೋಲ್ ಪರಿಚಿತ ಹೆಸರಿಗೆ ಹಿಂದಿರುಗುವ ಸಾಧ್ಯತೆ ಉಳಿಯುತ್ತದೆ.

ಈಗಿನ ಸ್ಥಿತಿ

ರೂಟರನ್ನು ಬೇಕೆಂದೇ ಹಲವು ಬಾರಿ ಮರುಪ್ರಾರಂಭಿಸಿ ನೋಡಿದ್ದೇನೆ. ಪ್ರತಿ ಬಾರಿಯೂ ಕನ್ಸೋಲ್ 5ಕ್ಕೇ ಬಂದಿದೆ. ಈ ವ್ಯವಸ್ಥೆಗೆ ಒಂದು ಮಿತಿ ಇದೆ: ಕನ್ಸೋಲನ್ನು ಇನ್ನೂ ಎರಡು ಗೋಡೆಗಳಾಚೆ ಇಟ್ಟು 5ರ ಸಿಗ್ನಲ್ −75ಕ್ಕಿಂತ ಕೆಳಗಿಳಿದರೆ, ಅದಕ್ಕೆ ಹಿಂದಿರುಗಲು 2.4 ಇರುವುದಿಲ್ಲ. ಅಂಥ ಸ್ಥಳದಲ್ಲಿ ಹಳೆಯ ಹೆಸರನ್ನೇ ಮತ್ತೆ ಜೋಡಿಸಬೇಕು, ಇಲ್ಲವೇ ಕೇಬಲ್ ಎಳೆಯಬೇಕು.