ಬೆರಳು ತೋರಿಸುವುದು, ಕೈ ಎಳೆಯುವುದು

ತಂಗಿಯ ಮಗನಿಗೆ 22 ತಿಂಗಳು. ಹೆಸರು ಕರೆದರೆ ತಿರುಗುವುದಿಲ್ಲ, ಮಾತು ಬಂದಿಲ್ಲ. ಕಿವಿಯದೇ ತೊಂದರೆ ಇರಬಹುದೇನೋ ಎಂದು ಮೊದಲು ನಿದ್ದೆಯಲ್ಲಿ ಬೆರಾ ಪರೀಕ್ಷೆ ಮಾಡಿಸಿದ್ದರು. ಕಿವಿ ಸರಿಯಾಗಿತ್ತು. ಈ ವಾರ ಆಟಿಸಂ ತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ.

ಡಾಕ್ಟರು ಚಾಪೆ ಮೇಲೆ ಅವನೆದುರು ಕೂತು ಸೋಪಿನ ಗುಳ್ಳೆ ಊದಿದರು. ಅವನು ಕುಣಿದಾಡಿದ. ಆಮೇಲೆ ಬಾಟಲಿಯ ಮುಚ್ಚಳ ಬಿಗಿದು, ಅವನ ಮುಂದಿಟ್ಟು ಸುಮ್ಮನಾದರು. ಅವನು ಅವರ ಮಣಿಕಟ್ಟು ಹಿಡಿದೆಳೆದು ಕೈಯನ್ನು ಮುಚ್ಚಳದ ಮೇಲಿಟ್ಟ. ಮುಖದ ಕಡೆ ನೋಡಲೇ ಇಲ್ಲ.

"ನೋಡಿ, ಬೇಕಾದ್ದನ್ನ ಎಷ್ಟು ಚೆನ್ನಾಗಿ ಕೇಳ್ತಾನೆ!" ಎಂದರು ತಂಗಿಯ ಅತ್ತೆ. ಅವರ ಖುಷಿ ನನಗೆ ಅರ್ಥವಾಯಿತು. ಡಾಕ್ಟರು ಮಾತ್ರ ಏನೋ ಬರೆದುಕೊಂಡರು.

ಆ ಕೈ ಎಳೆತ ಈಗಲೂ ನನ್ನ ಕಣ್ಣ ಮುಂದಿದೆ. ಮನೆಯಲ್ಲಿ ದಿನವೂ ನೋಡುತ್ತಿದ್ದದ್ದೇ. 16ರಿಂದ 30 ತಿಂಗಳ ಮಕ್ಕಳಿಗೆಂದೇ ಇರುವ ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಹಾಳೆಯಲ್ಲಿ "ಬೇಕಾದ್ದನ್ನು ಬೆರಳಿಂದ ತೋರಿಸುತ್ತದೆಯೇ" ಎಂಬುದಕ್ಕೆ ತಂಗಿ ಹೌದು ಎಂದು ಗುರುತು ಹಾಕಿದ್ದಳು. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. "ಕೊನೇ ಸಲ ಏನನ್ನ ತೋರಿಸಿದ? ಹೇಗೆ ತೋರಿಸಿದ, ಮಾಡಿ ತೋರಿಸಮ್ಮ" ಎಂದರು. ಅವಳು ಅವರ ಕೈ ಹಿಡಿದು ಎಳೆದಳು. ಹೌದು ಎಂದಿದ್ದದ್ದು ಅಲ್ಲೇ ಇಲ್ಲ ಎಂದಾಯಿತು. ಈ ಹಾಳೆಯಲ್ಲಿ ಮಧ್ಯಮ ಅಂಕ ಬಂದರೆ ಹೀಗೆ ಉದಾಹರಣೆ ಕೇಳಿ ಮತ್ತೆ ಪರಿಶೀಲಿಸಲೇಬೇಕಂತೆ. ಅಂಕ ಹೆಚ್ಚು ಬಂದ ಮಾತ್ರಕ್ಕೆ ಆಟಿಸಂ ಎಂದು ಹೇಳುವಂತಿಲ್ಲ.

ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಏನೂ ಬೇಡದಿದ್ದರೂ ಬೆರಳು ಚಾಚುತ್ತವೆ. ವಿಮಾನ ತೋರಿಸಿ, ಅಮ್ಮ ನೋಡಿದಳಾ ಎಂದು ಅವಳ ಮುಖ ನೋಡುತ್ತವೆ. ಡಾಕ್ಟರು ಹುಡುಕುತ್ತಿದ್ದದ್ದು ಆ ನೋಟವನ್ನು. ಅದೊಂದು ಇಲ್ಲವೆಂದು ತೀರ್ಮಾನ ಕೊಡುವುದಿಲ್ಲ. ಒಂದೇ ಆಟಕ್ಕೆ ಅಂಟಿಕೊಳ್ಳುವುದು, ಕೆಲವು ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಮುಂತಾದವನ್ನೂ ವಿಚಾರಿಸುತ್ತಾರೆ. ಇವನು ಕಾರನ್ನು ಓಡಿಸಲಿಲ್ಲ, ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಲೇ ಇದ್ದ. ಹೊಸ ಜಾಗದಲ್ಲಿ ಮಕ್ಕಳು ಮುದುಡುವುದುಂಟು ಎಂದು ಮನೆಯಲ್ಲಿ ತೆಗೆದ ವಿಡಿಯೋಗಳನ್ನೂ ನೋಡಿದರು. ರಕ್ತಪರೀಕ್ಷೆಯಿಂದಲೋ ಸ್ಕ್ಯಾನಿಂದಲೋ ಗೊತ್ತಾಗುವ ವಿಷಯ ಇದಲ್ಲ. ಹೀಗೆ ನೋಡಿ, ಕೇಳಿಯೇ ತಿಳಿಯಬೇಕು.

"ಗಂಡು ಮಕ್ಕಳಿಗೆ ಮಾತು ತಡ, ಮೂರು ವರ್ಷ ಆಗಲಿ" ಎಂದು ಮೊದಲು ತೋರಿಸಿದ ಡಾಕ್ಟರ ಮೇಲೆ ನನಗೆ ಸಿಟ್ಟಿದೆ. ಒಂದು ನಿಮಿಷ ಮಗುವಿನ ಜೊತೆ ಆಡಿ ನೋಡಬಹುದಿತ್ತು.

ಕೊನೆಗೆ ತಂಗಿ ಕೇಳಿದ್ದು ಒಂದೇ: "ಹಾಗಾದ್ರೆ ಇದು ಆಟಿಸಮ್ಮೇನಾ ಡಾಕ್ಟ್ರೇ?"

"ಇನ್ನೊಂದು ಸಲ ನೋಡಿ ಹೇಳ್ತೀನಿ. ಆದರೆ ಸ್ಪೀಚ್ ಥೆರಪಿಗೆ ಅಲ್ಲೀವರೆಗೆ ಕಾಯೋದು ಬೇಡ" ಎಂದರು. ಅವನು ಕೈ ಎಳೆದರೆ ಬಿಡಿಸಿಕೊಳ್ಳದೆ, ಎದುರು ಕೂತು "ತೆಗಿ" ಎಂದು ಒಂದೇ ಮಾತು ಹೇಳಿ ತೆಗೆದುಕೊಡಬೇಕು, ಕಣ್ಣು ನೋಡು ಎಂದು ಬಲವಂತ ಮಾಡಬಾರದು ಎಂದೂ ಹೇಳಿಕೊಟ್ಟರು. ಸೋಮವಾರದಿಂದ ಥೆರಪಿ ಶುರು.