ಮೊಬೈಲಿಗೆ ಬಂದ ದುಡ್ಡು ಕೈಗೆ ಬರಲಿಲ್ಲ

2023ರ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಕೊಟ್ಟಿಗೆಯ ಮಾಡಿಗೆ ಹೊಸ ಶೀಟು ಹಾಕಿಸಬೇಕಿತ್ತು. ಅದಕ್ಕೆಂದೇ ಇಟ್ಟಿದ್ದ ನಾಲ್ಕು ಕ್ವಿಂಟಲ್ ಇಪ್ಪತ್ತು ಕಿಲೋ ಅಡಿಕೆಯನ್ನು ಜೀಪಿಗೆ ಹೇರಿಕೊಂಡು ಕೇರಳದ ಪೆರ್ಲದಿಂದ ಗಡಿಯ ಸಾರಡ್ಕ ಗೇಟು ದಾಟಿ ಕರ್ನಾಟಕದ ವಿಟ್ಲಕ್ಕೆ ಹೋದೆ. ಕಿಲೋಗೆ 410 ರೂಪಾಯಿ ಸಿಕ್ಕಿತು. ಲೆಕ್ಕ ಹಾಕಿದರೆ 1,72,200. ವ್ಯಾಪಾರಿ ಪರಿಚಯದವರು. ಚೆಕ್ ಬರೆಯುತ್ತಾ ಮಾತಾಡಿದರು, ನಾನೂ ಸುಮ್ಮನಿರಲಿಲ್ಲ. ಈ ಸಲದ ಕೊಳೆರೋಗ, ಸುಲಿಯುವವರ ಸಂಬಳ, ಹೀಗೆ ಏನೇನೋ. ಮಾತಿನ ಮಧ್ಯೆ ಅಕ್ಷರದಲ್ಲಿ ಮೊತ್ತ ಬರೆಯುವಾಗ ಒಂದು ಪದ ತಪ್ಪಿತು. ಅವರು ಅದನ್ನು ಹೊಡೆದು ಮೇಲೆ ಸರಿ ಮಾಡಿ, ಪಕ್ಕದಲ್ಲಿ ಒಂದು ಸಹಿ ಹಾಕಿ ಕೊಟ್ಟರು. "ಸಹಿ ಹಾಕಿದ್ದೇನೆ ಮಾಷ್ಟ್ರೇ, ತೊಂದರೆ ಇಲ್ಲ" ಎಂದರು. ನಾನೂ ಹೌದೆಂದುಕೊಂಡೆ. ನಾವು ಕಲಿತದ್ದು ಹಾಗೆಯೇ ಅಲ್ವಾ, ತಿದ್ದಿದಲ್ಲಿ ಸಹಿ ಹಾಕಬೇಕು ಅಂತ.

ಊರಿನ ಬ್ಯಾಂಕಿಗೆ ಬರುವಾಗ ಶುಕ್ರವಾರ ಮಧ್ಯಾಹ್ನ ಮೂರೂವರೆ. ಕೌಂಟರಿನ ಎದುರು ಉದ್ದ ಸಾಲು. ಗೋಡೆಯ ಹತ್ತಿರ ಚೆಕ್ ಹಾಕುವ ಪೆಟ್ಟಿಗೆ ಇತ್ತು. ಸ್ಲಿಪ್ ತುಂಬಿಸಿ, ಪಿನ್ ಹೊಡೆದು, ಅದರೊಳಗೆ ಹಾಕಿ ಮನೆಗೆ ಹೋದೆ. ಪೆಟ್ಟಿಗೆಯ ಮೇಲೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಏನೋ ಅಂಟಿಸಿದ್ದರು. ಓದಬಹುದಿತ್ತು, ಓದಲಿಲ್ಲ. ಮಧ್ಯಾಹ್ನ ಎರಡರ ನಂತರ ಹಾಕಿದ ಚೆಕ್ ಮರುದಿನದ ಕ್ಲಿಯರಿಂಗಿಗೆ ಎಂದು ಅದರಲ್ಲಿ ಇತ್ತಂತೆ. ಮರುದಿನ ಎರಡನೇ ಶನಿವಾರ. ಅದರ ಮರುದಿನ ಆದಿತ್ಯವಾರ. ಅಂದರೆ ನನ್ನ ಚೆಕ್ ಸೋಮವಾರ ಬೆಳಿಗ್ಗೆಯವರೆಗೆ ಅದೇ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿ ಕೂತಿತ್ತು.

ಸೋಮವಾರ ರಾತ್ರಿ ಮೊಬೈಲಿಗೆ ಮೆಸೇಜ್ ಬಂತು. ಖಾತೆಗೆ 1,72,200 ಜಮೆ. ಕೊನೆಗೆ ಕ್ಲಿಯರಿಂಗಿಗೆ ಒಳಪಟ್ಟು ಎಂಬರ್ಥದ ಎರಡು ಪದಗಳಿದ್ದವು. ಕಣ್ಣು ಅಂಕಿಯ ಮೇಲೆ ಇರುವಾಗ ಅಂಥ ಪದ ಯಾರಿಗೆ ಕಾಣುತ್ತದೆ? ಬದಿಯಡ್ಕದ ಶೀಟಿನ ಅಂಗಡಿಗೆ ಫೋನ್ ಮಾಡಿ "ನಾಳೆ ಮಧ್ಯಾಹ್ನ ಲಾರಿ ಕಳಿಸಿ" ಎಂದೆ.

ಮಂಗಳವಾರ ಬೆಳಿಗ್ಗೆ ಎಟಿಎಮ್ಮಿನಲ್ಲಿ ಹತ್ತು ಸಾವಿರ ಕೇಳಿದೆ, ಇಲ್ಲ ಎಂದಿತು. ಚೀಟಿ ತೆಗೆದು ನೋಡಿದರೆ ಉಳಿಕೆ 7,312. ಒಮ್ಮೆ ಎದೆ ಧಸಕ್ಕೆಂದಿತು. ರಾತ್ರಿ ಬಂದ ದುಡ್ಡು ಬೆಳಗಾಗುವಷ್ಟರಲ್ಲಿ ಯಾರೋ ಹೊಡೆದರೋ ಏನೋ!

ಹತ್ತು ಗಂಟೆಗೆ ಬ್ಯಾಂಕಿನ ಬಾಗಿಲು ತೆರೆಯುವಾಗಲೇ ಒಳಗೆ ಹೋದೆ. ಕ್ಲಿಯರಿಂಗ್ ನೋಡುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎರಡು ಸಾಲು ಇದ್ದವು. ಒಂದರಲ್ಲಿ 1,79,512. ಇನ್ನೊಂದರಲ್ಲಿ 7,312.

"ಮೇಲಿನದ್ದು ಪುಸ್ತಕದ ಲೆಕ್ಕ ಮಾಷ್ಟ್ರೇ. ಕೆಳಗಿನದ್ದು ನೀವು ಈಗ ತೆಗೆಯಬಹುದಾದ್ದು. ಮಧ್ಯದ ವ್ಯತ್ಯಾಸ ನಿಮ್ಮ ಚೆಕ್ಕಿನದ್ದು. ನಾವು ಅದಕ್ಕೆ ಶ್ಯಾಡೋ ಬ್ಯಾಲೆನ್ಸ್ ಅನ್ನುತ್ತೇವೆ."

"ನೆರಳು ಬಂದಿದೆ, ಮನುಷ್ಯ ಬರಲಿಲ್ಲ ಅಂತಲಾ?"

ಅವಳು ನಕ್ಕಳು. "ದುಡ್ಡು ಬಂದಿದೆ. ಆದರೆ ವಾಪಸ್ ಹೋಗಬಾರದು ಅಂತಿಲ್ಲ."

ಈ ಮಾತು ನನಗೆ ಮೊದಲು ತಲೆಗೆ ಹೋಗಲಿಲ್ಲ. ಅವಳು ಸಾವಧಾನವಾಗಿ ಬಿಡಿಸಿ ಹೇಳಿದಳು.

ಮೊದಲೆಲ್ಲ ಚೆಕ್ಕಿನ ಕಾಗದವೇ ಪ್ರಯಾಣ ಮಾಡುತ್ತಿತ್ತು. ಪೆರ್ಲದಲ್ಲಿ ಹಾಕಿದ ವಿಟ್ಲದ ಚೆಕ್ಕು ಹೊರ ಊರಿನದ್ದು ಎಂದು ಲಕೋಟೆಯಲ್ಲಿ ಹೋಗಿ, ಅಲ್ಲಿಂದ ಉತ್ತರ ಬರುವಾಗ ವಾರಗಟ್ಟಲೆ ಆಗುತ್ತಿದ್ದದ್ದು ನನಗೂ ನೆನಪಿದೆ. ಈಗ ಕಾಗದ ಹಾಕಿದಲ್ಲೇ ಉಳಿಯುತ್ತದೆ. ಹೋಗುವುದು ಅದರ ಚಿತ್ರ. ಮುಂಭಾಗದ ಎರಡು ಚಿತ್ರ, ಒಂದು ಬೂದು ಛಾಯೆಯದ್ದು, ಒಂದು ಕಪ್ಪು ಬಿಳುಪು. ಹಿಂಭಾಗದ್ದು ಒಂದು. ಜೊತೆಗೆ ಚೆಕ್ಕಿನ ಕೆಳಗೆ ಸಾಲಾಗಿ ಅಚ್ಚಾಗಿರುವ ಆ ವಿಚಿತ್ರ ಅಂಕಿಗಳು. ಚೆಕ್ ನಂಬರು, ಯಾವ ಊರು, ಯಾವ ಬ್ಯಾಂಕು, ಯಾವ ಶಾಖೆ ಎಲ್ಲ ಅದರಲ್ಲೇ ಇದೆ. ಇದಕ್ಕೆ ಸಿಟಿಎಸ್ ಎಂದು ಹೆಸರು. ಚೆನ್ನೈಯಲ್ಲಿ ಇದು ಶುರುವಾದದ್ದು 2011ರಲ್ಲಿ. ಕೇರಳ, ಕರ್ನಾಟಕ ಎರಡೂ ಆಗ ಚೆನ್ನೈಯ ಜಾಲಕ್ಕೆ ಸೇರಿದ್ದವು. ಹಾಗಾಗಿ ಸಾರಡ್ಕದ ಗೇಟು ನಮಗೆ ಇದೆ, ಚೆಕ್ಕಿಗೆ ಇಲ್ಲ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತೆರೆದರು, ಚಿತ್ರ ತೆಗೆದು ಕಳಿಸಿದರು. ಸಂಜೆ ಆ ದಿನದ ಎಲ್ಲ ಚೆಕ್ಕುಗಳ ಲೆಕ್ಕ ಒಟ್ಟಾಗಿ, ಯಾವ ಬ್ಯಾಂಕು ಯಾವ ಬ್ಯಾಂಕಿಗೆ ಎಷ್ಟು ಕೊಡಬೇಕೆಂದು ಕಳೆದು ಕೂಡಿಸಿ, ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳಲ್ಲಿ ಹಣ ಅತ್ತಿತ್ತ ಆಯಿತು. ನನ್ನ ಮೆಸೇಜ್ ಬಂದದ್ದು ಆಗ. ಆದರೆ ತಮಾಷೆ ನೋಡಿ. ಅಷ್ಟು ಹೊತ್ತಿಗೆ ವಿಟ್ಲದ ವ್ಯಾಪಾರಿಯ ಬ್ಯಾಂಕು ನನ್ನ ಚೆಕ್ಕನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಸಹಿ ಹೊಂದುತ್ತದೋ, ಖಾತೆಯಲ್ಲಿ ದುಡ್ಡು ಇದೆಯೋ, ತಾರೀಕು ಮೂರು ತಿಂಗಳು ದಾಟಿದೆಯೋ, ಕೊಡಬೇಡಿ ಎಂದು ಯಾರಾದರೂ ಬರೆದುಕೊಟ್ಟಿದ್ದಾರೋ, ಇದನ್ನೆಲ್ಲ ನೋಡಲು ಅವರಿಗೆ ಮರುದಿನದವರೆಗೆ ಸಮಯ ಇತ್ತು. ಬೇಡವಾದ ಚೆಕ್ಕುಗಳನ್ನು ಅವರು ಮರುದಿನದ ರಿಟರ್ನ್ ಕ್ಲಿಯರಿಂಗಿನಲ್ಲಿ ವಾಪಸ್ ಕಳಿಸುತ್ತಿದ್ದರು. ಕೊಟ್ಟ ಹಣವನ್ನೂ ಹಿಂದೆ ಪಡೆಯುತ್ತಿದ್ದರು.

ನನಗೆ ಹೊಸದೆನಿಸಿದ್ದು ಇಲ್ಲಿಯೇ. ಚೆಕ್ ಪಾಸಾಯಿತು ಎಂದು ಯಾರೂ ಹೇಳುವ ಪದ್ಧತಿ ಆಗ ಇರಲಿಲ್ಲ. ಆಗಲಿಲ್ಲ ಎಂದು ಮಾತ್ರ ಹೇಳುತ್ತಿದ್ದರು. ರಿಟರ್ನ್ ಹೊತ್ತು ಮುಗಿಯುವವರೆಗೆ ಏನೂ ಸುದ್ದಿ ಬಾರದಿದ್ದರೆ ಪಾಸಾಯಿತೆಂದು ಲೆಕ್ಕ. ಹುಡುಗಿಯ ಮನೆಯವರು ಬೇಡ ಅಂದಿಲ್ಲ, ಹಾಗಾದರೆ ಒಪ್ಪಿಗೆ ಅಂದುಕೊಳ್ಳುವ ಹಾಗೆ. ಆ ಹೊತ್ತು ಕಳೆದ ಮೇಲೆ ನೆರಳಿನ ದುಡ್ಡನ್ನು ಬ್ಯಾಂಕು ಅದೇ ದಿನ ಬಿಡಬೇಕಿತ್ತು, ತಡವೆಂದರೆ ಮರುದಿನ ವ್ಯವಹಾರ ಶುರುವಾಗಿ ಒಂದು ಗಂಟೆಯೊಳಗೆ.

"ಈಗಲೇ ಒಂದು ಇಪ್ಪತ್ತು ಸಾವಿರ ಕೊಟ್ಟರೆ ಏನು? ನನ್ನ ಪರಿಚಯ ನಿನಗಿಲ್ವಾ?" ಎಂದು ಕೇಳಿಯೇ ಬಿಟ್ಟೆ.

"ನಿಮ್ಮ ಪರಿಚಯ ಇದೆ. ಚೆಕ್ ಕೊಟ್ಟವರ ಪರಿಚಯ ನನಗಿಲ್ಲವಲ್ಲ. ಸಂಜೆ ಅದು ವಾಪಸ್ ಬಂದರೆ ನಿಮ್ಮ ಖಾತೆಯಿಂದಲೇ ಪೂರ್ತಿ ಕಳೆಯಬೇಕು. ಇರುವುದು ಏಳು ಸಾವಿರ. ಉಳಿದದ್ದು ನಿಮಗೆ ಬ್ಯಾಂಕು ಕೊಟ್ಟ ಸಾಲ ಆಗುತ್ತದೆ." ಸ್ವಲ್ಪ ತಡೆದು ಕೇಳಿದಳು, "ಚೆಕ್ ಸರಿ ಇತ್ತಲ್ವಾ?"

"ಸರಿಯೇ ಇತ್ತು. ಒಂದು ಕಡೆ ತಿದ್ದಿದ್ದರು, ಸಹಿ ಹಾಕಿದ್ದಾರೆ."

ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಸಿಟಿಎಸ್ ಚೆಕ್ಕಿನಲ್ಲಿ ತಾರೀಕು ಬಿಟ್ಟರೆ ಬೇರೆ ಎಲ್ಲಿ ತಿದ್ದಿದರೂ ನಡೆಯುವುದಿಲ್ಲ. ಹೆಸರು, ಅಂಕಿಯ ಮೊತ್ತ, ಅಕ್ಷರದ ಮೊತ್ತ, ಯಾವುದೂ. ಪಕ್ಕದಲ್ಲಿ ಎಷ್ಟು ಸಹಿ ಹಾಕಿದರೂ ಅಷ್ಟೇ. ಕಾರಣ ಕೇಳಿದ ಮೇಲೆ ನ್ಯಾಯ ಎನಿಸಿತು. ಕಾಗದ ಕೈಯಲ್ಲಿದ್ದರೆ ಬೆಳಕಿಗೆ ಹಿಡಿದು, ಶಾಯಿ ಬೇರೆಯೋ, ಕೆರೆದಿದ್ದಾರೋ ಎಂದು ನೋಡಬಹುದು. ವಿಟ್ಲದ ಬ್ಯಾಂಕಿನವರ ಎದುರು ಇರುವುದು ಬೂದು ಬಣ್ಣದ ಚಿತ್ರ. ಅದರಲ್ಲಿ ಮಾಲೀಕ ತಿದ್ದಿದ್ದೂ ಕಳ್ಳ ತಿದ್ದಿದ್ದೂ ಒಂದೇ ಥರ. ಹಾಗಾಗಿ ಕಾಗದ ನೋಡುವ ಕೆಲಸ ಚೆಕ್ ತೆಗೆದುಕೊಳ್ಳುವ ಬ್ಯಾಂಕಿನದ್ದು. ನೇರಳೆ ದೀಪದ ಕೆಳಗೆ ಹಿಡಿದರೆ ಮಾತ್ರ ಕಾಣುವ ಗುರುತು ಚೆಕ್ಕಿನಲ್ಲಿ ಇರುತ್ತದೆ, ಅದೂ ಚಿತ್ರದಲ್ಲಿ ಹೋಗುವುದಿಲ್ಲ.

"ಕೌಂಟರಿನಲ್ಲಿ ಕೊಟ್ಟಿದ್ದರೆ ನಾನು ಅಲ್ಲೇ ಹೇಳುತ್ತಿದ್ದೆ" ಎಂದಳು. ಸೋಮವಾರ ಪೆಟ್ಟಿಗೆಯ ರಾಶಿಯಲ್ಲಿ ಬೇರೆ ಯಾರೋ ಅದನ್ನು ಗಮನಿಸದೆ ಕಳಿಸಿಬಿಟ್ಟಿದ್ದರು. ಅವರದ್ದೂ ತಪ್ಪು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಸಾಲಿಗೆ ಹೆದರಿ ಓಡಿದವನು ನಾನು.

ಮಧ್ಯಾಹ್ನ ಮೂರೂವರೆಗೆ ಅವಳೇ ಫೋನ್ ಮಾಡಿದಳು. ಚೆಕ್ ವಾಪಸ್. ಹೋಗಿ ನೋಡಿದರೆ ಪರದೆಯಲ್ಲಿ ಎರಡು ಸಾಲೂ ಒಂದೇ ಆಗಿದ್ದವು. ಎರಡರಲ್ಲೂ 7,194. ಬೆಳಗ್ಗಿನ 7,312ರಿಂದ ರಿಟರ್ನ್ ಶುಲ್ಕ ನೂರು ರೂಪಾಯಿ, ಜಿಎಸ್‌ಟಿ ಹದಿನೆಂಟು ಬೇರೆ ಕಳೆದಿದ್ದರು. ಗ್ರಾಹಕನ ತಪ್ಪಿಲ್ಲದಿದ್ದರೆ ಈ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆಯೆಂದು ಅವಳೇ ಹೇಳಿ ಅರ್ಜಿ ಬರೆಸಿದಳು. ತಿದ್ದಿದ್ದು ನಾನಲ್ಲವಲ್ಲ. ಆ 118 ರೂಪಾಯಿ ಮುಂದಿನ ವಾರ ವಾಪಸ್ ಬಂತು.

ಅಷ್ಟರಲ್ಲಿ ಶೀಟಿನ ಲಾರಿ ಅಂಗಳಕ್ಕೆ ಬಂದು ನಿಂತಿತ್ತು. ನೀರ್ಚಾಲಿನ ಭಾವ ಬೈಕಿನಲ್ಲಿ ಮೂವತ್ತು ಸಾವಿರ ತಂದುಕೊಟ್ಟರು. ಉಳಿದದ್ದಕ್ಕೆ ಅಂಗಡಿಯವರು ಮೂರು ದಿನ ಕಾಯಲು ಒಪ್ಪಿದರು. ಒಪ್ಪುವ ಮೊದಲು ಮೆಸೇಜ್ ತೋರಿಸಿ ಎಂದರು. ತೋರಿಸಿದೆ. ಜಮೆ ಆದ ಮೆಸೇಜಿನ ಕೆಳಗೇ ಕಳೆದ ಮೆಸೇಜೂ ಇತ್ತು. ನಾಚಿಕೆಯಾಯಿತು.

ಬುಧವಾರ ವಾಪಸಾದ ಚೆಕ್ಕು, ಅದರ ಜೊತೆ ಕಾರಣ ಬರೆದ ಚೀಟಿ ಹಿಡಿದುಕೊಂಡು ಬೆಳಗ್ಗಿನ ಬಸ್ಸಿಗೇ ವಿಟ್ಲಕ್ಕೆ ಹೋದೆ. ವ್ಯಾಪಾರಿ ಪಾಪ, ನನಗಿಂತ ಜಾಸ್ತಿ ಬೇಸರ ಮಾಡಿಕೊಂಡರು. ಅವರ ಖಾತೆಯಲ್ಲಿ ದುಡ್ಡು ಬೇಕಾದಷ್ಟು ಇತ್ತು. ಇನ್ನೊಂದು ಚೆಕ್ ಬರೆದರು. ಹನ್ನೆರಡರೊಳಗೆ ಪೆರ್ಲಕ್ಕೆ ಬಂದು ಸಾಲಿನಲ್ಲಿ ನಿಂತು ಕೌಂಟರಿನಲ್ಲೇ ಕೊಟ್ಟೆ, ರಸೀದಿಗೆ ಸೀಲು ಹಾಕಿಸಿಕೊಂಡೆ. ರಾತ್ರಿ ಅದೇ ಮೆಸೇಜ್ ಪುನಃ ಬಂತು. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಗುರುವಾರ ಸಂಜೆ ಐದರ ಹೊತ್ತಿಗೆ ದುಡ್ಡು ನಿಜವಾಗಿ ನನ್ನದಾಯಿತು.

2025ರ ಅಕ್ಟೋಬರ್ 4ರಿಂದ ಈ ಕ್ರಮ ಬದಲಾಗಿದೆ. ಈಗ ಚೆಕ್ಕುಗಳನ್ನು ಸಂಜೆಗೆ ರಾಶಿ ಹಾಕುವುದಿಲ್ಲ, ಬಂದ ಹಾಗೆ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಹಣ ಕೊಡಬೇಕಾದ ಬ್ಯಾಂಕು ಆಗುತ್ತದೋ ಇಲ್ಲವೋ ಎಂದು ಅದೇ ದಿನ ಸಂಜೆ ಏಳರೊಳಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಒಪ್ಪಿದ ಹಾಗೆ. ಕಳೆದ ನವೆಂಬರಿನಲ್ಲಿ ಹನ್ನೊಂದು ಗಂಟೆಗೆ ಕೊಟ್ಟ ಚೆಕ್ಕಿನ ದುಡ್ಡು ನನಗೆ ರಾತ್ರಿ ಊಟಕ್ಕೆ ಮೊದಲು ತೆಗೆಯಲು ಸಿಕ್ಕಿತು. ಪೆಟ್ಟಿಗೆಗೆ ಹಾಕಿದರೆ ಮಾತ್ರ ಅದನ್ನು ಯಾರಾದರೂ ತೆರೆಯುವವರೆಗೆ ಕಾಯಲೇಬೇಕು.

ವಿಟ್ಲದ ಅಂಗಡಿಗೆ ಈಗಲೂ ಹೋಗುತ್ತೇನೆ. ವ್ಯಾಪಾರಿ ಚೆಕ್ ಪುಸ್ತಕ ತೆಗೆದ ಕೂಡಲೇ ನಾನು ಎದ್ದು ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಬರೆದು ಮುಗಿಸಿ ಅವರೇ ಕರೆಯುತ್ತಾರೆ, "ಬನ್ನಿ ಮಾಷ್ಟ್ರೇ, ಇನ್ನು ಮಾತಾಡಬಹುದು."