ಬೇಡಿದ್ದಲ್ಲ, ಕೇಳಿದ್ದು: ಒಂದು ಅರ್ಜಿಯ ಅನುವಾದ

ಭಾನುವಾರ, ಧಾರವಾಡ.
ನರಗುಂದದ ಕಡೆಯ ಸೋದರಮಾವ ಕೊಟ್ಟುಹೋದ ಅರ್ಜಿ ಎರಡೇ ಪುಟ. ಮಲಪ್ರಭಾ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಿಲ್ಲ, ಬಿಡಿ ಅಂತ ಊರವರು ಕಚೇರಿಗೆ ಬರೆದದ್ದು. ಈಗ ಅದನ್ನು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹಾಕುವ ರಿಟ್‌ಗೆ ಲಗತ್ತಿಸಬೇಕಂತೆ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ, ಹಾಗಾಗಿ ಕನ್ನಡ ಪ್ರತಿಯ ಜೊತೆ ಅನುವಾದವೂ ಬೇಕು. ರಾತ್ರಿ ಊಟದೊಳಗೆ ಮುಗಿಸಿಬಿಟ್ಟೆ.

ಬುಧವಾರ.
ಮುಗಿದಿರಲಿಲ್ಲ. ಮಾವನಿಗೆ ಫೋನಿನಲ್ಲಿ ನನ್ನ ಇಂಗ್ಲಿಷನ್ನೇ ವಾಕ್ಯವಾಕ್ಯವಾಗಿ ಕನ್ನಡಕ್ಕೆ ತಿರುಗಿಸಿ ಓದಿದೆ. ಅರ್ಧಕ್ಕೇ ತಡೆದರು: "ಇದೇನೋ ತಮ್ಮಾ, ಕೈ ಒಡ್ಡಿದಂಗ ಐತಲ್ಲ? ನಾವು ಬೇಡೇವೇನು? ಕೇಳೇವಿ."

ಮೂಲ ತೆಗೆದು ನೋಡಿದರೆ ತಲೆಬರಹ 'ಹಕ್ಕೊತ್ತಾಯ ಪತ್ರ'. ನಾನು 'ರಿಕ್ವೆಸ್ಟ್ ಲೆಟರ್' ಅಂದಿದ್ದೆ. ಹಕ್ಕೂ ಹೋಗಿತ್ತು, ಒತ್ತಾಯವೂ ಹೋಗಿತ್ತು. ಒಳಗೆ 'ನೀರು ಬಿಡಲೇಬೇಕು' ಎಂದಿದ್ದನ್ನು 'ಶುಡ್' ಮಾಡಿದ್ದೆ. 'ಶುಡ್' ಆದರೆ 'ಬಿಡಬೇಕು'. ನಡುವಿನ ಆ 'ಲೇ'ಗೆ 'ಮಸ್ಟ್' ಬೇಕು. 'ಮೂರು ಸಲ ತಮ್ಮ ಗಮನಕ್ಕೆ ತಂದರೂ' ಎಂಬಲ್ಲಿ ಆರೋಪವೆಲ್ಲ ಆ ಕೊನೆಯ 'ರೂ'ದಲ್ಲಿದೆ. ನಾನು ಮೂರು ಸಲ ತಿಳಿಸಿದ್ದನ್ನು ಒಂದು ವಾಕ್ಯ, ನೀರು ಬಾರದ್ದನ್ನು ಇನ್ನೊಂದು ವಾಕ್ಯ ಮಾಡಿ ಕೊಂಡಿ ಕಳಚಿದ್ದೆ. 'ಡಿಸ್ಪೈಟ್' ಹಾಕಿ ಒಂದೇ ವಾಕ್ಯಕ್ಕೆ ತಂದೆ.

ಶುಕ್ರವಾರ.
ಸಿಟ್ಟಿನಲ್ಲಿ ಎಲ್ಲ ಕಡೆ 'ಡಿಮ್ಯಾಂಡ್' ತುಂಬಿದ್ದೆ. ವಕೀಲರು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಊರವರೇ 'ವಿನಂತಿ' ಎಂದು ಬರೆದಿದ್ದಾರೆ! ಎದುರಿನ ವಕೀಲರು ಎರಡೂ ಪ್ರತಿ ಪಕ್ಕಪಕ್ಕ ಇಟ್ಟು ಓದುತ್ತಾರೆ. ಒಂದು ಶಬ್ದ ಖಾರ ಮಾಡಿದ್ದು ಸಿಕ್ಕರೂ ಇಡೀ ಅನುವಾದದ ಮೇಲೆ ಅನುಮಾನ. ತಲೆಬರಹಕ್ಕೆ 'ಡಿಮ್ಯಾಂಡ್ ಆ್ಯಸ್ ಆಫ್ ರೈಟ್', ಒಳಗೆ 'ಮಸ್ಟ್', ಕೊನೆಗೆ 'ರಿಕ್ವೆಸ್ಟ್'. ಮೂರೂ ಬೇರೆಬೇರೆಯಾಗಿಯೇ ಉಳಿದವು.

'ನೀರಿನ ದಾರಿ ಕಾದು ಕಣ್ಣು ಬೆಳ್ಳಗಾದವು' ಎಂಬುದನ್ನು ತೀವ್ರ ನಿರಾಶೆ ಅಂತ ಸಪ್ಪೆ ಮಾಡಲು ಮನಸ್ಸಾಗಲಿಲ್ಲ. ಕಾಯುವ ಮಾತು ಪಕ್ಕದಲ್ಲೇ ಇರುವುದರಿಂದ ಬೆಳ್ಳಗಾದ ಕಣ್ಣನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿದೆ. ಅಡಿಟಿಪ್ಪಣಿ ಬೇಕಾಗಲಿಲ್ಲ.

ಸೋತದ್ದು 'ಮುಂದಾಗುವುದಕ್ಕೆ ತಾವೇ ಹೊಣೆ' ಎಂಬಲ್ಲಿ. 'ಏ'ಗೆ 'ಅಲೋನ್' ಸಿಕ್ಕಿತು, ಹೊಣೆಗೆ 'ಆನ್ಸರಬಲ್'. ಆದರೆ ಎಚ್ಚರಿಕೆ ಕೊಡುವಾಗಲೂ 'ನೀವು' ಅನ್ನದೆ 'ತಾವು' ಎಂದ ಆ ಮರ್ಯಾದೆಗೆ ಇಂಗ್ಲಿಷಿನ 'ಯು'ದಲ್ಲಿ ಜಾಗವೇ ಇಲ್ಲ. 'ಸರ್' ಸೇರಿಸೋಣ ಅನಿಸಿತು. ಮೂಲದ ಆ ಸಾಲಿನಲ್ಲಿ ಅದಿಲ್ಲ, ಬಿಟ್ಟೆ.

ಹೆಬ್ಬೆಟ್ಟುಗಳ ಎದುರು 'ಎಲ್‌ಟಿಐ', ಅಂದರೆ ಎಡ ಹೆಬ್ಬೆಟ್ಟಿನ ಗುರುತು, ಎಂದು ಬರೆಯುತ್ತ ಕೂತಿದ್ದೇನೆ. ನಾಳೆ ಮಾವನಿಗೆ ಇನ್ನೊಮ್ಮೆ ಓದಿಹೇಳಬೇಕು.